ಅರವತ್ತೊಂದನೇ ಪುಟದಲ್ಲಿ ಮುಗ್ಗರಿಸಿದ ಸ್ಕ್ರಿಪ್ಟ್

ನಾವು ಐದಾರು ಜನ ಸೇರಿ ಕೆಲವು ವರ್ಷಗಳಿಂದ ನಮ್ಮ ತಾಲ್ಲೂಕಿನ ಹಿರಿಯರನ್ನು ಮಾತನಾಡಿಸಿ ಅವರ ನೆನಪುಗಳನ್ನು ಬರೆದಿಡುತ್ತಿದ್ದೇವೆ. ಕೆರೆ ಕೋಡಿ ಬಿದ್ದ ವರ್ಷ, ಊರಿಗೆ ಮೊದಲ ಬಸ್ಸು ಬಂದ ದಿನ, ಸೀಮೆಎಣ್ಣೆಗೆ ಸಾಲು ನಿಂತ ಕಾಲ, ಹೀಗೆ ಎಲ್ಲ ಸೇರಿ ಟೈಪಾಗಿರುವ 1,200 ಪುಟಗಳಿವೆ. ಯಾವ ಪುಟದಲ್ಲಿ ಏನಿದೆ ಎಂದು ಹುಡುಕಲು ಪ್ರತಿ ಪುಟಕ್ಕೂ ಎರಡು ಸಾಲಿನ ಸಾರಾಂಶ ಬೇಕಿತ್ತು. ಗೆಳೆಯರೊಬ್ಬರು ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದರು. ಅದು ಒಂದೊಂದೇ ಪುಟವನ್ನು ಚಾಟ್‌ಬಾಟ್ ಸೇವೆಗೆ ಕಳುಹಿಸಿ, ಬಂದ ಸಾರಾಂಶವನ್ನು ಪಟ್ಟಿಗೆ ಸೇರಿಸಬೇಕು. ಹತ್ತು ಪುಟ ಹಾಕಿ ನೋಡಿದೆವು, ಎಲ್ಲವೂ ಸರಿಯಾಗಿ ಬಂದವು. ಆ ರಾತ್ರಿಯೇ 1,200 ಪುಟಗಳನ್ನೂ ಓಡಿಸಿದೆವು.

ಹನ್ನೊಂದೂವರೆ ನಿಮಿಷದಲ್ಲಿ ಕೆಲಸ ಮುಗಿಯಿತು ಎಂದು ಪರದೆ ಹೇಳಿತು. ಪಟ್ಟಿ ತೆರೆದರೆ ಸಾರಾಂಶ ಇದ್ದದ್ದು ಸುಮಾರು 250 ಪುಟಗಳಿಗೆ. ಉಳಿದ 950 ಸಾಲುಗಳು ಖಾಲಿ. ಖಾಲಿ ಬಿದ್ದ ರೀತಿಯಲ್ಲೂ ಒಂದು ಕ್ರಮವಿತ್ತು. ಮೊದಲ ಅರವತ್ತು ಪುಟ ಒಂದೂ ಬಿಡದೆ ಬಂದಿದ್ದವು. ಅರವತ್ತೊಂದರಿಂದಾಚೆ ಐದು ಖಾಲಿ, ಒಂದು ಭರ್ತಿ, ಮತ್ತೆ ಐದು ಖಾಲಿ, ಒಂದು ಭರ್ತಿ. ಈ ಕ್ರಮದಲ್ಲೇ ಕಾರಣವೂ ಅಡಗಿತ್ತು. ಅದನ್ನು ಓದಲು ನಮಗೆ ಬರುತ್ತಿರಲಿಲ್ಲ, ಅಷ್ಟೆ.

ತೊಟ್ಟಿಯೂ ನಲ್ಲಿಯೂ

ಚಾಟ್‌ಬಾಟ್ ಸೇವೆಗಳು ಪ್ರತಿ ಖಾತೆಗೂ ಒಂದು ವೇಗದ ಮಿತಿ ಇಟ್ಟಿರುತ್ತವೆ. ಇದಕ್ಕೆ ರೇಟ್ ಲಿಮಿಟ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಅಳತೆಗಳು ಒಟ್ಟಿಗೇ ನಡೆಯುತ್ತವೆ: ನಿಮಿಷಕ್ಕೆ ಎಷ್ಟು ಕೋರಿಕೆ ಕಳುಹಿಸಬಹುದು ಎಂಬುದು ಒಂದು, ನಿಮಿಷಕ್ಕೆ ಎಷ್ಟು ಟೋಕನ್ ಕಳುಹಿಸಬಹುದು ಎಂಬುದು ಇನ್ನೊಂದು. ಟೋಕನ್ ಎಂದರೆ ಬರಹವನ್ನು ಯಂತ್ರ ಒಡೆದುಕೊಳ್ಳುವ ಚೂರು. ಎರಡರಲ್ಲಿ ಯಾವುದು ಮೊದಲು ಮುಗಿದರೂ ಬಾಗಿಲು ಮುಚ್ಚುತ್ತದೆ.

ನಮ್ಮ ಖಾತೆಗೆ ನಿಮಿಷಕ್ಕೆ 50 ಕೋರಿಕೆ, 30,000 ಟೋಕನ್ ಎಂದಿತ್ತು. ಐವತ್ತು ಎಂಬ ಅಂಕಿಯನ್ನಷ್ಟೇ ನೋಡಿ ಧೈರ್ಯವಾಗಿದ್ದೆವು. ಏಕೆಂದರೆ ಪುಟವೊಂದಕ್ಕೆ ಉತ್ತರ ಬರಲು ಎರಡು ಸೆಕೆಂಡು ಬೇಕು, ಒಂದರ ಹಿಂದೆ ಒಂದರಂತೆ ಕಳುಹಿಸಿದರೆ ನಿಮಿಷಕ್ಕೆ 30 ಮಾತ್ರ. ಆದರೆ ಸೂಚನೆಯೂ ಸೇರಿ ನಮ್ಮ ಪುಟವೊಂದು ಸುಮಾರು 1,500 ಟೋಕನ್ ಆಗುತ್ತಿತ್ತು. 30,000ವನ್ನು 1,500ರಿಂದ ಭಾಗಿಸಿದರೆ 20. ಅಂದರೆ ನಮಗೆ ಸಲ್ಲುತ್ತಿದ್ದದ್ದು ನಿಮಿಷಕ್ಕೆ ಇಪ್ಪತ್ತೇ ಪುಟ.

ಹಾಗಾದರೆ ಮೊದಲ ಅರವತ್ತು ಹೇಗೆ ಹೋದವು? ಹಲವು ಸೇವೆಗಳಲ್ಲಿ ಈ ಲೆಕ್ಕ ನಡೆಯುವುದು ತೊಟ್ಟಿಯ ಹಾಗೆ. ತೊಟ್ಟಿಗೆ ಸಣ್ಣ ನಲ್ಲಿಯಿಂದ ಸದಾ ಒಂದೇ ಸಮ ನೀರು ಬೀಳುತ್ತಿರುತ್ತದೆ, ನಾವು ಬಿಂದಿಗೆಯಲ್ಲಿ ಮೊಗೆಯುತ್ತೇವೆ. ಶುರುವಿನಲ್ಲಿ ತೊಟ್ಟಿ ತುಂಬಿತ್ತು, ಅದರಲ್ಲಿ 20 ಪುಟಗಳ ನೀರಿತ್ತು. ನಲ್ಲಿಯಿಂದ ನಿಮಿಷಕ್ಕೆ 20 ಪುಟಗಳಷ್ಟು ಬೀಳುತ್ತಿತ್ತು, ನಾವು 30 ಮೊಗೆಯುತ್ತಿದ್ದೆವು. ನಿಮಿಷಕ್ಕೆ ಹತ್ತರಂತೆ ಕಡಿಮೆಯಾಗುತ್ತಾ ಎರಡನೇ ನಿಮಿಷದ ಕೊನೆಗೆ ತೊಟ್ಟಿಯ ತಳ ಕಂಡಿತು. ಅಷ್ಟರಲ್ಲಿ ಅರವತ್ತು ಪುಟ ಮುಗಿದಿದ್ದವು.

ಅಲ್ಲಿಂದಾಚೆಗೆ ಒಂದು ಪುಟಕ್ಕಾಗುವಷ್ಟು ನೀರು ಸೇರಲು ಮೂರು ಸೆಕೆಂಡು ಬೇಕು. ಒಂದು ಪುಟ ಕಳುಹಿಸಿ ಉತ್ತರ ಪಡೆಯುವ ಹೊತ್ತಿಗೆ ಎರಡು ಸೆಕೆಂಡು ಕಳೆದಿರುತ್ತದೆ. ಉಳಿದ ಒಂದು ಸೆಕೆಂಡಿನಲ್ಲಿ ಸ್ಕ್ರಿಪ್ಟ್ ಸುಮ್ಮನಿರುವುದಿಲ್ಲ. ‘ಆಗುವುದಿಲ್ಲ’ ಎಂಬ ಉತ್ತರ ಸೆಕೆಂಡಿನ ಐದನೇ ಒಂದು ಭಾಗದಲ್ಲೇ ಬಂದುಬಿಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಐದು ಪುಟಗಳು ಹೋಗಿ ಹಾಗೇ ಹಿಂದಿರುಗುತ್ತಿದ್ದವು, ಆರನೆಯದಕ್ಕೆ ನೀರು ಸಿಗುತ್ತಿತ್ತು. ಐದು ಖಾಲಿ, ಒಂದು ಭರ್ತಿ ಎಂಬ ಲಯ ಹುಟ್ಟಿದ್ದು ಹೀಗೆ. ಹತ್ತು ಪುಟದ ಪರೀಕ್ಷೆಯಲ್ಲಿ ಇದೇನೂ ಕಾಣದೆ ಹೋದದ್ದಕ್ಕೂ ಇದೇ ಕಾರಣ. ಹತ್ತು ಪುಟಕ್ಕೆ ತೊಟ್ಟಿಯ ಅರ್ಧವೂ ಖಾಲಿಯಾಗುವುದಿಲ್ಲ.

ಕನ್ನಡದ ಪುಟ ಹೆಚ್ಚು ತೂಗುತ್ತದೆ

ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಇಂಗ್ಲಿಷಿಗೆ ಸುಮಾರು ನಾಲ್ಕು ಅಕ್ಷರಕ್ಕೆ ಒಂದು ಟೋಕನ್ ಎಂಬ ಅಂದಾಜು ಬಳಕೆಯಲ್ಲಿದೆ. ಅದನ್ನು ಕನ್ನಡಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಕಂಪ್ಯೂಟರಿನೊಳಗೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಕ, ವಿರಾಮಚಿಹ್ನೆ, ಷ ಎಂಬ ಮೂರು ಚಿಹ್ನೆ, ಒಟ್ಟು ಒಂಬತ್ತು ಬೈಟ್. ಇಂಗ್ಲಿಷ್ ಬರಹವೇ ಹೆಚ್ಚಾಗಿದ್ದ ರಾಶಿಯಿಂದ ಟೋಕನ್‌ಗಳನ್ನು ರೂಪಿಸಿದಾಗ ಕನ್ನಡದ ಪದಗಳು ಹೆಚ್ಚು ಚೂರಾಗುತ್ತವೆ. ಹಾಗಾಗಿ ಅದೇ ವಿಷಯದ ಪುಟ ಇಂಗ್ಲಿಷಿನಲ್ಲಿದ್ದರೆ ತೊಟ್ಟಿ ಅಷ್ಟು ಬೇಗ ಬರಿದಾಗುತ್ತಿರಲಿಲ್ಲ.

ಅಂದಾಜು ಬಿಟ್ಟು ಅಳೆಯುವುದೇ ದಾರಿ. ಪ್ರತಿ ಉತ್ತರದ ಜೊತೆಗೆ ಎಷ್ಟು ಟೋಕನ್ ಖರ್ಚಾಯಿತು ಎಂಬ ಲೆಕ್ಕ `usage` ಎಂಬ ಹೆಸರಿನಲ್ಲಿ ಬಂದಿರುತ್ತದೆ. ಪರೀಕ್ಷೆಯ ಹತ್ತು ಪುಟಗಳಲ್ಲೇ ನಾವು ಅದನ್ನು ನೋಡಿದ್ದರೆ ಇಪ್ಪತ್ತು ಎಂಬ ಅಂಕಿ ಅಂದೇ ಸಿಗುತ್ತಿತ್ತು. ಇನ್ನೊಂದು ಕಡೆಯೂ ಗಮನ ಬೇಕು. ಉತ್ತರ ಗರಿಷ್ಠ ಎಷ್ಟು ಉದ್ದ ಇರಬಹುದು ಎಂದು ನಾವೇ ಹೇಳುವ ಒಂದು ಅಂಕಿ ಇರುತ್ತದೆ. ಕೆಲವು ಸೇವೆಗಳು ಮಿತಿಯ ಲೆಕ್ಕ ಹಾಕುವಾಗ ಆ ಗರಿಷ್ಠವನ್ನೂ ಮುಂಚಿತವಾಗಿ ಪರಿಗಣಿಸುತ್ತವೆ. ಎರಡು ಸಾಲಿನ ಸಾರಾಂಶ ಕೇಳಿ, ಗರಿಷ್ಠವನ್ನು 4,000 ಟೋಕನ್ ಎಂದು ಬಿಟ್ಟರೆ ಬಳಸದ ನೀರಿಗೂ ಲೆಕ್ಕ ಬೀಳಬಹುದು. ಬೇಕಾದಷ್ಟೇ ಕೇಳಬೇಕು.

ಯಾವ ‘ಇಲ್ಲ’ಕ್ಕೆ ಇನ್ನೊಮ್ಮೆ ಕೇಳಬೇಕು

ಖಾಲಿ ಬಿದ್ದ 950 ಪುಟಗಳಿಗೂ ಸರ್ವರ್ ಉತ್ತರ ಕೊಟ್ಟಿತ್ತು. ನಮ್ಮ ಸ್ಕ್ರಿಪ್ಟ್ ಅದನ್ನು ಓದದೆ ಮುಂದಿನ ಪುಟಕ್ಕೆ ಹೋಗಿತ್ತು. ಆ ಉತ್ತರದ ಸಂಖ್ಯೆ 429. ಇಂಟರ್ನೆಟ್ಟಿನ ನಿಯಮಗಳಲ್ಲಿ 2012ರಲ್ಲಿ ಸೇರಿದ ಈ ಸಂಖ್ಯೆಗೆ ‘ತೀರಾ ಹೆಚ್ಚು ಕೋರಿಕೆಗಳು’ ಎಂದು ಅರ್ಥ. ಕೋರಿಕೆಯಲ್ಲಿ ತಪ್ಪಿಲ್ಲ, ಬಂದ ವೇಗ ಹೆಚ್ಚಾಯಿತು, ಸ್ವಲ್ಪ ತಡೆದು ಬನ್ನಿ ಎಂಬ ಮಾತು ಅದು. ಎಷ್ಟು ತಡೆಯಬೇಕು ಎಂಬುದನ್ನೂ ಸರ್ವರ್ ಹಲವು ಬಾರಿ ತಾನೇ ಹೇಳುತ್ತದೆ. ಉತ್ತರದ ತಲೆಬರಹದಲ್ಲಿ `retry-after: 7` ಎಂದಿದ್ದರೆ ಏಳು ಸೆಕೆಂಡು ಕಾಯಿರಿ ಎಂದರ್ಥ. ಇದು ಬಂದಾಗ ಬೇರೆ ಯಾವ ಲೆಕ್ಕಾಚಾರವೂ ಬೇಡ, ಹೇಳಿದಷ್ಟು ಕಾದರೆ ಆಯಿತು.

500, 502, 503, 504 ಎಂಬ ಉತ್ತರಗಳು ತೊಂದರೆ ಸೇವೆಯ ಕಡೆಗಿದೆ ಎನ್ನುತ್ತವೆ. ಆಂಥ್ರೊಪಿಕ್ ಸಂಸ್ಥೆಯ ಸೇವೆಯಲ್ಲಿ ಸರ್ವರ್‌ಗಳ ಮೇಲೆ ಹೊರೆ ಮಿತಿಮೀರಿದಾಗ 529 ಎಂಬ ಸಂಖ್ಯೆ ಬರುತ್ತದೆ. ಇವೆಲ್ಲ ತಾತ್ಕಾಲಿಕವಾಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಮರುಯತ್ನಕ್ಕೆ ಅರ್ಹ. 400 ಬಂದರೆ ಕೋರಿಕೆಯೇ ಸರಿಯಿಲ್ಲ. 401 ಬಂದರೆ ಖಾತೆಯ ಕೀ ಸರಿಯಿಲ್ಲ. ಇವನ್ನು ನೂರು ಸಲ ಕಳುಹಿಸಿದರೂ ಅದೇ ಉತ್ತರ ಬರುತ್ತದೆ. ಮರುಯತ್ನ ಬಿಟ್ಟು ತಪ್ಪನ್ನು ತಿದ್ದಬೇಕು.

429ರಲ್ಲೂ ಒಂದು ಸೂಕ್ಷ್ಮವಿದೆ. ಓಪನ್‌ಎಐ ಸೇವೆಯಲ್ಲಿ ಖಾತೆಯ ಹಣ ಅಥವಾ ತಿಂಗಳ ಮಿತಿ ಮುಗಿದಾಗಲೂ ಬರುವುದು 429. ಆದರೆ ಅದರ ಜೊತೆಗಿನ ಸಂದೇಶದಲ್ಲಿ `insufficient_quota` ಎಂದಿರುತ್ತದೆ. ಎಷ್ಟು ಸೆಕೆಂಡು ಕಾದರೂ ಖಾತೆಗೆ ಹಣ ಬಂದು ಬೀಳುವುದಿಲ್ಲ. ಸಂಖ್ಯೆಯನ್ನಷ್ಟೇ ನೋಡುವ ಸ್ಕ್ರಿಪ್ಟ್ ರಾತ್ರಿಯಿಡೀ ಕಾದು ಬೆಳಿಗ್ಗೆಗೆ ಬರಿಗೈಯಲ್ಲಿ ನಿಂತಿರುತ್ತದೆ. ಸಂಖ್ಯೆಯ ಜೊತೆಗೆ ಸಂದೇಶವನ್ನೂ ಓದಬೇಕು, ಓದಿದ್ದನ್ನು ಬರೆದಿಡಬೇಕು.

ಕಾಯುವ ಹೊತ್ತನ್ನು ಇಮ್ಮಡಿ ಮಾಡುವುದು ಏಕೆ

ಎಷ್ಟು ಹೊತ್ತು ಕಾಯಬೇಕು ಎಂದು ಸರ್ವರ್ ಹೇಳದಿದ್ದರೆ ನಾವೇ ಊಹಿಸಬೇಕು. ಆ ಊಹೆಗೆ ಇರುವ ಕ್ರಮವೇ ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್. ಮೊದಲ ಸಲ ಒಂದು ಸೆಕೆಂಡು, ಮತ್ತೆ ಆಗದಿದ್ದರೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು, ಹೀಗೆ ಪ್ರತಿ ಸೋಲಿಗೂ ಹಿಂದಿನದರ ಎರಡರಷ್ಟು ಕಾಯುವುದು.

ತೊಂದರೆ ಎಷ್ಟು ದೊಡ್ಡದು ಎಂದು ನಮಗೆ ಗೊತ್ತಿರುವುದಿಲ್ಲ. ಅರೆಕ್ಷಣದ್ದಾಗಿದ್ದರೆ ಹೆಚ್ಚು ಕಾಯುವುದು ದಂಡ. ಹತ್ತು ನಿಮಿಷದ್ದಾಗಿದ್ದರೆ ಸೆಕೆಂಡಿಗೊಮ್ಮೆ ಬಾಗಿಲು ಬಡಿಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಇಮ್ಮಡಿಸುವ ಕ್ರಮ ಎರಡಕ್ಕೂ ಹೊಂದುತ್ತದೆ: ಸಣ್ಣ ತೊಂದರೆಯಾದರೆ ಬೇಗ ಗೊತ್ತಾಗುತ್ತದೆ, ಸೋಲು ಮುಂದುವರಿದಷ್ಟೂ ತೊಂದರೆ ದೊಡ್ಡದಿರಬೇಕೆಂದು ತಿಳಿದು ದೂರ ಸರಿಯುತ್ತದೆ. ಹತ್ತು ನಿಮಿಷದ ತೊಂದರೆಯಲ್ಲಿ ಸೆಕೆಂಡಿಗೊಮ್ಮೆ ಕೇಳಿದರೆ 600 ಸಲ ಕೇಳಿದಂತಾಯಿತು. ಒಂದರಿಂದ ಇಮ್ಮಡಿಸುತ್ತಾ ಹೋಗಿ, 60 ಸೆಕೆಂಡಿಗೆ ತಲುಪಿದ ಮೇಲೆ ಅಲ್ಲೇ ನಿಂತರೆ ಹದಿನೈದು ಸಲ ಕೇಳಿದರೆ ಸಾಕು. ಅರವತ್ತಕ್ಕೆ ನಿಲ್ಲಿಸುವುದು ಅಗತ್ಯ. ಇಲ್ಲದಿದ್ದರೆ ಹತ್ತನೇ ಸಲದ ಕಾಯುವಿಕೆಯೇ 512 ಸೆಕೆಂಡಾಗುತ್ತದೆ. ಸೇವೆ ಚೇತರಿಸಿಕೊಂಡ ಮೇಲೂ ಎಂಟೂವರೆ ನಿಮಿಷ ಸುಮ್ಮನೆ ಕುಳಿತಿರಬೇಕಾದೀತು.

ಬಾಗಿಲು ಬಡಿಯುವುದರಿಂದ ನಮಗೇ ನಷ್ಟ. ಓಪನ್‌ಎಐ ತನ್ನ ಕೈಪಿಡಿಯಲ್ಲಿ, ವಿಫಲವಾದ ಕೋರಿಕೆಗಳೂ ನಿಮಿಷದ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತವೆ ಎಂದು ಸ್ಪಷ್ಟವಾಗಿ ಹೇಳಿದೆ. ಅಂಥ ಕಡೆ ಬಿಡುವಿಲ್ಲದೆ ಕೇಳುತ್ತಿದ್ದರೆ ಕೇಳುವುದರಲ್ಲೇ ಪಾಲು ಮುಗಿದುಹೋಗುತ್ತದೆ. ಮರುಯತ್ನಗಳೇ ಹೊರೆಯಾದಾಗ ಏನಾಗುತ್ತದೆ ಎಂಬುದಕ್ಕೆ ಇಂಟರ್ನೆಟ್ಟಿನ ಚರಿತ್ರೆಯಲ್ಲೇ ಉದಾಹರಣೆಯಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ದೂರ 400 ಗಜ. ದಟ್ಟಣೆಯಲ್ಲಿ ಕಳೆದುಹೋದ ಮಾಹಿತಿಯನ್ನು ಕಂಪ್ಯೂಟರುಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನೇ ಬೆಳೆಸಿದ್ದವು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರಗಳಲ್ಲಿ ಹಿಂದೆ ಸರಿದು ಕಾಯುವುದೂ ಸೇರಿತ್ತು.

ಮೂರು ಲ್ಯಾಪ್‌ಟಾಪ್, ಒಂದೇ ತೊಟ್ಟಿ

ಇಷ್ಟು ತಿಳಿದ ಮೇಲೆ ಎರಡನೇ ರಾತ್ರಿ ನಾವು ಇನ್ನೊಂದು ತಪ್ಪು ಮಾಡಿದೆವು. ಬೇಗ ಮುಗಿಸೋಣವೆಂದು ಉಳಿದ ಪುಟಗಳನ್ನು ಮೂವರು ಹಂಚಿಕೊಂಡು, ಮೂರು ಮನೆಗಳಲ್ಲಿ ಮೂರು ಲ್ಯಾಪ್‌ಟಾಪಿನಲ್ಲಿ ಒಂಬತ್ತು ಗಂಟೆಗೆ ಸರಿಯಾಗಿ ಶುರು ಮಾಡಿದೆವು. ಮಿತಿ ಇರುವುದು ಯಂತ್ರಕ್ಕಲ್ಲ, ಖಾತೆಗೆ. ಮೂರು ಕಡೆಯಿಂದ ಮೊಗೆದರೂ ತೊಟ್ಟಿ ಒಂದೇ, ನಲ್ಲಿಯೂ ಒಂದೇ. ಅದು ಬೇಗನೆ ಬರಿದಾಯಿತು. ಮೂವರಿಗೂ ಒಂದೇ ಹೊತ್ತಿಗೆ 429 ಬಂತು. ಮೂವರ ಸ್ಕ್ರಿಪ್ಟೂ ಒಂದೇ ಲೆಕ್ಕ ಹಾಕಿ ಒಂದು ಸೆಕೆಂಡು ಕಾದು ಒಟ್ಟಿಗೇ ಮರಳಿದವು. ಒಬ್ಬರ ಪಾಲಿಗೆ ನೀರು ಸಿಕ್ಕಿತು, ಇಬ್ಬರು ವಾಪಸಾದರು. ಆ ಇಬ್ಬರೂ ಮತ್ತೆ ಎರಡೇ ಸೆಕೆಂಡು ಕಾದು, ಮತ್ತೆ ಒಟ್ಟಿಗೇ ಬಂದರು. ಎಲ್ಲರೂ ಒಂದೇ ಗಡಿಯಾರ ನೋಡಿ ನಡೆದರೆ ದಾರಿಯಲ್ಲಿ ಡಿಕ್ಕಿ ತಪ್ಪುವುದಿಲ್ಲ.

ಇದಕ್ಕೆ ಮದ್ದು ಹಳೆಯದು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಹಲವು ಕಂಪ್ಯೂಟರುಗಳನ್ನು ಒಂದೇ ಕೇಬಲಿಗೆ ಜೋಡಿಸುವ ಈಥರ್‌ನೆಟ್ ಹುಟ್ಟಿತು. ಎರಡು ಕಂಪ್ಯೂಟರುಗಳು ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡುತ್ತಿತ್ತು. ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ 1976ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಉಪಾಯದಲ್ಲಿ, ಡಿಕ್ಕಿಯಾದ ಮೇಲೆ ಪ್ರತಿಯೊಂದು ಕಂಪ್ಯೂಟರೂ ಚೀಟಿ ಎತ್ತಿದಂತೆ ತನಗೆ ತೋಚಿದಷ್ಟು ಹೊತ್ತು ಕಾಯುತ್ತದೆ. ಡಿಕ್ಕಿ ಮರುಕಳಿಸಿದರೆ ಚೀಟಿ ಎತ್ತುವ ವ್ಯಾಪ್ತಿ ಇಮ್ಮಡಿಯಾಗುತ್ತದೆ. ಮುಂದೆ ಬಂದ ಈಥರ್‌ನೆಟ್ ಮಾನದಂಡದಲ್ಲಿ ಹತ್ತನೇ ಡಿಕ್ಕಿಯ ನಂತರ ವ್ಯಾಪ್ತಿ ಬೆಳೆಯುವುದು ನಿಲ್ಲುತ್ತದೆ, ಹದಿನಾರು ಸಲ ಸೋತರೆ ಯಂತ್ರ ಕೈಚೆಲ್ಲುತ್ತದೆ. ಇಮ್ಮಡಿಸುವುದು, ಅದೃಷ್ಟಕ್ಕೆ ಬಿಡುವುದು, ಒಂದು ಮಿತಿಯಲ್ಲಿ ನಿಲ್ಲುವುದು, ಕೊನೆಗೆ ಸೋಲೊಪ್ಪುವುದು: ಇಂದಿನ ಸ್ಕ್ರಿಪ್ಟಿಗೆ ಬೇಕಾದ ನಾಲ್ಕೂ ಅಲ್ಲೇ ಇವೆ.

ಹೀಗೆ ಕಾಯುವ ಹೊತ್ತನ್ನು ಚದುರಿಸುವುದಕ್ಕೆ ಜಿಟರ್ ಎನ್ನುತ್ತಾರೆ. ಎಂಟು ಸೆಕೆಂಡು ಕಾಯಬೇಕಾದ ಕಡೆ ಸೊನ್ನೆಯಿಂದ ಎಂಟರ ನಡುವೆ ಯಾವುದೋ ಒಂದು ಹೊತ್ತನ್ನು ಸ್ಕ್ರಿಪ್ಟ್ ಆರಿಸಿಕೊಳ್ಳುತ್ತದೆ. ಪೈಥಾನ್‌ನಲ್ಲಿ ಇಷ್ಟೇ ಸಾಕು:

```python
import random

def wait_time(n, retry_after=None):
    if retry_after:
        return float(retry_after) + random.uniform(0, 1)
    return random.uniform(0, min(60, 2 ** n))
```

ಇಲ್ಲಿ `n` ಎಂದರೆ ಇದುವರೆಗೆ ಮಾಡಿದ ಮರುಯತ್ನಗಳ ಎಣಿಕೆ, ಸೊನ್ನೆಯಿಂದ ಶುರು. ಸರ್ವರ್ ತಾನೇ ಹೊತ್ತು ಹೇಳಿದ್ದರೆ ಅದಕ್ಕಿಂತ ಮೊದಲು ಹೋಗುವುದಿಲ್ಲ, ಅದರ ಮೇಲೆ ಒಂದು ಸೆಕೆಂಡಿನೊಳಗಿನ ಚದುರಿಕೆ ಮಾತ್ರ. ಹೇಳದಿದ್ದರೆ ಇಮ್ಮಡಿಸುವ ಲೆಕ್ಕ. ನಾವು ಒಟ್ಟು ಎಂಟು ಯತ್ನಗಳಿಗೆ ನಿಲ್ಲಿಸಿದೆವು. ಅವುಗಳ ನಡುವೆ ಏಳು ಕಾಯುವಿಕೆ, ಈ ಲೆಕ್ಕದಲ್ಲಿ ಹೆಚ್ಚೆಂದರೆ ಎರಡು ನಿಮಿಷ ಮೂರು ಸೆಕೆಂಡು. ಅಷ್ಟಕ್ಕೂ ಆಗದ ಪುಟದ ಹೆಸರನ್ನೂ ಬಂದ ಸಂದೇಶವನ್ನೂ ಬೇರೊಂದು ಕಡತದಲ್ಲಿ ಬರೆದು ಸ್ಕ್ರಿಪ್ಟ್ ಮುಂದೆ ಹೋಗುತ್ತದೆ.

ಕಾಣದೆ ಬೆಳೆಯುವ ಮರುಯತ್ನ

ಎಂಟು ಎಂದು ನಾವು ಬರೆದರೂ ಲೆಕ್ಕಕ್ಕಿಂತ ಹೆಚ್ಚು ಕೋರಿಕೆಗಳು ಹೋಗುತ್ತಿದ್ದವು. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ಸೇವೆಯನ್ನು ಕರೆಯಲು ಬಳಸುವ ಲೈಬ್ರರಿಗಳು ತಾವಾಗಿಯೇ ಮರುಯತ್ನ ಮಾಡುತ್ತವೆ. ಓಪನ್‌ಎಐ ಮತ್ತು ಆಂಥ್ರೊಪಿಕ್ ಎರಡರ ಪೈಥಾನ್ ಲೈಬ್ರರಿಗಳೂ ಬೇರೇನೂ ಹೇಳದಿದ್ದರೆ ಎರಡು ಸಲ ಮರುಯತ್ನಿಸುತ್ತವೆ, ಅಂದರೆ ಒಟ್ಟು ಮೂರು ಯತ್ನ. ಅದರ ಮೇಲೆ ನಮ್ಮ ಎಂಟು ಸುತ್ತು ಸೇರಿದರೆ ಒಂದು ಪುಟಕ್ಕೆ 24 ಯತ್ನ. ಪದರಗಳು ಕೂಡುವುದಿಲ್ಲ, ಗುಣಿಸುತ್ತವೆ. ಮರುಯತ್ನ ಒಂದೇ ಪದರದಲ್ಲಿರಬೇಕು. ಸ್ವಂತ ಲೆಕ್ಕ ಬರೆದುಕೊಂಡವರು ಲೈಬ್ರರಿಗೆ `max_retries=0` ಎಂದು ಹೇಳಬೇಕು. ಬರೆಯಲು ಬೇಸರವಾದವರು ಲೈಬ್ರರಿಯ ಮರುಯತ್ನವನ್ನೇ ನಂಬಿ ಆ ಅಂಕಿಯನ್ನು ಹೆಚ್ಚಿಸಿಕೊಳ್ಳಬಹುದು.

ಗಡುವಿನ ವಿಷಯದಲ್ಲೂ ಎಚ್ಚರ ಬೇಕು. ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಬಿಟ್ಟು ಮತ್ತೆ ಕಳುಹಿಸು ಎಂದು ಸ್ಕ್ರಿಪ್ಟಿಗೆ ಹೇಳಿದ್ದರೆ, ಅತ್ತ ಸೇವೆ ಹನ್ನೆರಡನೇ ಸೆಕೆಂಡಿಗೆ ಉತ್ತರ ಮುಗಿಸಿರಬಹುದು. ನಮ್ಮ ಕೈಗೆ ಬಾರದ ಆ ಉತ್ತರಕ್ಕೂ ದುಡ್ಡು ಹೋಗಬಹುದು, ಎರಡನೆಯದಕ್ಕಂತೂ ಹೋಗುತ್ತದೆ. ಮಾಮೂಲಿ ಉತ್ತರಕ್ಕೆ ಬೇಕಾಗುವ ಹೊತ್ತನ್ನು ಅಳೆದು, ಗಡುವನ್ನು ಅದಕ್ಕಿಂತ ಬಹಳ ಮೇಲಿಡಬೇಕು.

ಮೂರೂವರೆ ಸೆಕೆಂಡಿನ ನಡಿಗೆ

ಇಷ್ಟಾದ ಮೇಲೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಬ್ಯಾಕ್‌ಆಫ್ ಗೊತ್ತಿಲ್ಲದ ತೊಂದರೆಗೆ ಇರುವ ಉಪಾಯ. ನಮ್ಮ ಮಿತಿ ನಮಗೆ ಗೊತ್ತಿತ್ತು. ಗೊತ್ತಿರುವ ಗೋಡೆಗೆ ಡಿಕ್ಕಿ ಹೊಡೆದು ಹಿಂದೆ ಸರಿಯುವ ಬದಲು ಗೋಡೆ ಮುಟ್ಟದಂತೆ ನಡೆದರೆ ಸಾಕು. ನಿಮಿಷಕ್ಕೆ 20 ಪುಟವೆಂದರೆ ಮೂರು ಸೆಕೆಂಡಿಗೊಂದು. ಕೆಲವು ಪುಟ ಉದ್ದವಿರುತ್ತವೆ, ಆದ್ದರಿಂದ ಸ್ವಲ್ಪ ಸಡಿಲ ಬಿಟ್ಟು ಮೂರೂವರೆ ಸೆಕೆಂಡಿಗೊಂದರಂತೆ, ಒಂದೇ ಲ್ಯಾಪ್‌ಟಾಪಿನಿಂದ ಕಳುಹಿಸಲು ತೀರ್ಮಾನಿಸಿದೆವು. 1,200 ಪುಟಕ್ಕೆ ಎಪ್ಪತ್ತು ನಿಮಿಷ. ಬಂದ ಪ್ರತಿ ಸಾರಾಂಶವನ್ನೂ ಆ ಕ್ಷಣವೇ ಡಿಸ್ಕಿಗೆ ಬರೆಯುವಂತೆ, ಮತ್ತೆ ಶುರು ಮಾಡಿದರೆ ಆಗಲೇ ಇರುವ ಪುಟಗಳನ್ನು ಬಿಟ್ಟು ಮುಂದುವರಿಯುವಂತೆ ಮಾಡಿದೆವು. ಕರೆಂಟು ಹೋದರೂ ಮೊದಲಿನಿಂದ ಆರಂಭಿಸುವ ಪ್ರಮೇಯವಿಲ್ಲ. ಉತ್ತರ ಮರುದಿನ ಬಂದರೂ ಸಾಕು ಎನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಓಪನ್‌ಎಐ, ಆಂಥ್ರೊಪಿಕ್ ಎರಡೂ ಕೋರಿಕೆಗಳನ್ನು ಕಂತೆಯಾಗಿ ಪಡೆದು 24 ಗಂಟೆಯೊಳಗೆ ಮುಗಿಸಿಕೊಡುವ ಬ್ಯಾಚ್ ವ್ಯವಸ್ಥೆಯನ್ನು ಅರ್ಧ ಬೆಲೆಗೆ ಕೊಡುತ್ತವೆ.

ಮೂರನೇ ರಾತ್ರಿ ಎಲ್ಲ ಪುಟಗಳನ್ನೂ ಹೊಸದಾಗಿ ಓಡಿಸಿದೆವು. ಎಪ್ಪತ್ತು ನಿಮಿಷಕ್ಕೆ ತುಸು ಹೆಚ್ಚೇ ಹಿಡಿಯಿತು. 1,197 ಪುಟಗಳಿಗೆ ಸಾರಾಂಶ ಬಂತು. ಆಗದವುಗಳ ಕಡತದಲ್ಲಿ ಮೂರು ಹೆಸರುಗಳಿದ್ದವು, ಮೂರರ ಮುಂದೆಯೂ 400. ಮರುಯತ್ನಕ್ಕೆ ಅರ್ಹವಲ್ಲದ ಉತ್ತರ. ಆ ಪುಟಗಳನ್ನು ತೆರೆದು ನೋಡಿದರೆ ಒಳಗೆ ಒಂದು ಅಕ್ಷರವೂ ಇರಲಿಲ್ಲ. ಟೈಪ್ ಮಾಡುವಾಗ ಹೆಸರು ಕೊಟ್ಟು, ಬರಹ ತುಂಬದೆ ಉಳಿದುಹೋದ ಪುಟಗಳವು. ಮೊದಲ ರಾತ್ರಿಯ 950 ಖಾಲಿ ಸಾಲುಗಳ ನಡುವೆ ಈ ಮೂರನ್ನು ಯಾರೂ ಗುರುತಿಸಲು ಸಾಧ್ಯವಿರಲಿಲ್ಲ. ಮರುದಿನ ಬೆಳಿಗ್ಗೆ ಹಳೆಯ ನೋಟ್‌ಬುಕ್ ತೆಗೆದು, ಅಜ್ಜಿಯೊಬ್ಬರು ಹೇಳಿದ್ದ ಆ ಮೂರು ಪುಟಗಳನ್ನು ಟೈಪ್ ಮಾಡಲು ಕುಳಿತೆವು.